ಸಿಮಿಯನ್ ಗೆರೆ ಅದಲ್ಲ

“ಅಂಗೈಗೆ ಅಡ್ಡಲಾಗಿ ಉದ್ದ ಗೆರೆ ಇದ್ದರೆ ಅದು ಸಿಮಿಯನ್ ಗೆರೆ, ಅವರು ಹಟಮಾರಿಗಳು.”

ಹಸ್ತರೇಖೆ ಬಗ್ಗೆ ಹೀಗೆ ಬರೆದು ನಿಮ್ಮ ಅಂಗೈ ಫೋಟೋ ಹಾಕಿದ್ದೀರಿ. ಆದರೆ ಉದ್ದ ಇದ್ದರೆ ಸಾಲದು. ಬೆರಳುಗಳ ಕೆಳಗೆ ಅಡ್ಡಲಾಗಿರುವ ಹೃದಯರೇಖೆ, ಅದರ ಕೆಳಗಿನ ಬುದ್ಧಿರೇಖೆ ಎರಡೂ ಸೇರಿ ಒಂದೇ ಆಗಿರಬೇಕು. ಮನಸ್ಸು, ತಲೆ ಒಂದೇ ಕಡೆ ಎಳೆಯುತ್ತವೆ, ಹಿಡಿದದ್ದು ಬಿಡುವುದಿಲ್ಲ ಅನ್ನೋ ಅರ್ಥ ಬಂದಿದ್ದೇ ಅದರಿಂದ. ನಿಮ್ಮ ಫೋಟೋದಲ್ಲಿ ಬುದ್ಧಿರೇಖೆ ಅಂಗೈ ಅಂಚಿನವರೆಗೆ ಹೋಗಿದೆ, ಆದರೆ ಮೇಲೆ ಹೃದಯರೇಖೆ ಬೇರೆಯಾಗಿಯೇ ಇದೆ. ಅದು ಸಿಡ್ನಿ ಗೆರೆ.

ನನಗೆ ಎಡಗೈಯಲ್ಲಿ ಮಾತ್ರ ನಿಜವಾದ ಸಿಮಿಯನ್ ಗೆರೆ ಇದೆ. ಅರ್ಧ ಹಟಮಾರಿ ಅಲ್ವಾ! ಸಕಲೇಶಪುರದ ನಮ್ಮ ಮನೆಯಲ್ಲಿ ಮಗಳು ಹುಟ್ಟಿದಾಗ ಅವಳ ಪುಟ್ಟ ಅಂಗೈಯಲ್ಲೂ ಇದೇ ಗೆರೆ ನೋಡಿ ನೆಂಟರೊಬ್ಬರು ಡೌನ್ ಸಿಂಡ್ರೋಮ್ ಅಂದುಬಿಟ್ಟರು. ಡಾಕ್ಟರ್ ನನ್ನ ಕೈ ತಿರುಗಿಸಿ ನೋಡಿ ನಕ್ಕರು. ಆ ಮಕ್ಕಳಲ್ಲಿ ಈ ಗೆರೆ ಜಾಸ್ತಿ ಕಾಣುತ್ತದೆ ನಿಜ, ಆದರೆ ಆರೋಗ್ಯವಂತರಲ್ಲೂ ಇರುತ್ತದೆ. ಬರೀ ಗೆರೆ ನೋಡಿ ಏನೂ ಹೇಳಲಾಗದು.