ಟ್ರೇ ಒಣಗಿತ್ತು

ರಾತ್ರಿ ಒಂಬತ್ತರ ಹೊತ್ತಿಗೆ ನಮ್ಮ ಬೆಕ್ಕು ಕರಿಯ ಐದನೇ ಸಲವೋ ಆರನೇ ಸಲವೋ ಲಿಟರ್ ಟ್ರೇಗೆ ಹೋಗಿ ಕೂತ. ಬೆನ್ನು ಬಾಗಿಸಿ ತಿಣುಕುತ್ತಿದ್ದ. ಇಳಿದು ಬಂದು ಹಿಂಭಾಗ ನೆಕ್ಕಿಕೊಳ್ಳುವುದು, ಎರಡು ನಿಮಿಷಕ್ಕೆ ಮತ್ತೆ ಟ್ರೇ. ನಡುವೆ ಒಂಥರಾ ಗಂಟಲಾಳದಿಂದ ಕೂಗು. ಹೊಟ್ಟೆ ಕಟ್ಟಿರಬೇಕು, ಬೆಳಿಗ್ಗೆ ನೋಡಿದರಾಯಿತು ಅಂದುಕೊಂಡು ನಾನು ದೀಪ ಆರಿಸುವವಳಿದ್ದೆ.

ತಂಗಿ ಟ್ರೇಯ ಮರಳು ಕೆದಕಿ ನೋಡಿದಳು. "ಅಕ್ಕಾ, ಒಂದು ಗಡ್ಡೆನೂ ಇಲ್ಲ ಕಣೆ. ಪೂರ್ತಿ ಒಣಗಿದೆ."

ಬೆಕ್ಕು ಉಚ್ಚೆ ಹೊಯ್ದರೆ ಆ ಮರಳು ಗಡ್ಡೆ ಕಟ್ಟುತ್ತದೆ. ಹಿಂದಿನ ಸಂಜೆ ತೆಗೆದು ಹಾಕಿದ ಮೇಲೆ ಒಂದೂ ಬಿದ್ದಿರಲಿಲ್ಲ. ಬರೀ ಮಲಬದ್ಧತೆಯಾಗಿದ್ದರೆ ಉಚ್ಚೆಯ ಗಡ್ಡೆಯಾದರೂ ಇರಬೇಕಿತ್ತಲ್ಲ? ಹೊರಗೆ ತಿಣುಕುವುದು ಮಾತ್ರ ಎರಡರಲ್ಲೂ ಒಂದೇ ಥರ ಕಾಣುತ್ತದೆ. ಎಷ್ಟೋ ಮನೆಗಳಲ್ಲಿ ಎಣ್ಣೆ ಕುಡಿಸಿ ಒಂದು ರಾತ್ರಿ ಕಳೆದುಹೋಗುವುದು ಇಲ್ಲೇ.

ಗಂಡು ಬೆಕ್ಕಿನ ಮೂತ್ರನಾಳ ತುದಿಗೆ ಬರುತ್ತಾ ತೀರಾ ಕಿರಿದಾಗುತ್ತದೆ. ಹೆಣ್ಣಿನದು ಗಿಡ್ಡ, ಅಗಲ, ಹಾಗಾಗಿ ಅದಕ್ಕೆ ಈ ತೊಂದರೆ ಅಪರೂಪ. ಮೂತ್ರಕೋಶದಲ್ಲಿ ಉರಿಯೂತವಾದಾಗ ಲೋಳೆ ಮತ್ತು ಸಣ್ಣ ಹರಳುಗಳು ಸೇರಿ ಒಂದು ಬಿರಡೆಯಾಗಿ ಆ ತುದಿಯಲ್ಲಿ ಕೂತುಬಿಡಬಹುದು. ಕೆಲವು ಸಲ ಕಲ್ಲು, ಕೆಲವು ಸಲ ನಾಳವೇ ಬಿಗಿದುಕೊಂಡಿರುತ್ತದೆ. ಸೋಂಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ವಯಸ್ಸಿನ ಬೆಕ್ಕುಗಳಲ್ಲಿ ಇರಬಹುದು, ಎಳೆಯ ಗಂಡುಗಳಲ್ಲಿ ಅದು ಕಾರಣವಾಗುವುದು ಕಡಿಮೆ.

ಫೋನಿನಲ್ಲಿ ಡಾಕ್ಟರಿಗೆ ಒಂದೇ ವಾಕ್ಯ ಹೇಳಿದೆ: ಗಂಡು ಬೆಕ್ಕು, ನಿನ್ನೆಯಿಂದ ಉಚ್ಚೆ ಬಂದಿಲ್ಲ. ಅವರು ಕೇಳಿದ್ದೂ ಒಂದೇ, "ವಾಂತಿ ಮಾಡಿದಾನಾ?" ಮಾಡಿದ್ದ, ಸಂಜೆ ಒಂದು ಸಲ. "ಈಗಲೇ ತನ್ನಿ. ಹೊಟ್ಟೆ ಮಾತ್ರ ಒತ್ತಬೇಡಿ."

ಒತ್ತಬೇಡಿ ಅಂದದ್ದು ಯಾಕೆ ಅಂತ ಅವರು ಹೊಟ್ಟೆ ಮುಟ್ಟಿ ನೋಡುವಾಗ ತಿಳಿಯಿತು. ಮೂತ್ರಕೋಶ ಕಲ್ಲಿನಂಥ ನಿಂಬೆಹಣ್ಣಿನ ಹಾಗಿತ್ತು. ಆ ಸ್ಥಿತಿಯಲ್ಲಿ ಅದುಮಿದರೆ ಒಡೆಯಬಹುದು. ಬರೀ ಉರಿಯೂತವಿದ್ದು ನಾಳ ತೆರೆದೇ ಇದ್ದರೆ ಅದು ಪುಟ್ಟದಾಗಿ ಮೆತ್ತಗಿರುತ್ತದಂತೆ. ಈ ವ್ಯತ್ಯಾಸವನ್ನು ಮನೆಯಲ್ಲಿ ಕೂತು ನಾವು ಹೇಳಲಾರೆವು. ಹನಿ ಹನಿ ಬರುತ್ತಿದೆ ಎಂಬ ಸಮಾಧಾನವೂ ಬೇಡ, ಬಿರಡೆಯ ಪಕ್ಕದಿಂದ ಜಿನುಗುವ ಹನಿ ಅದಾಗಿರಬಹುದು.

ನನಗೆ ಹೊಳೆಯದೇ ಇದ್ದದ್ದು ಮುಂದಿನ ವಿಷಯ. ಬೇಗ ನಾಳಕ್ಕೆ ಟ್ಯೂಬ್ ಹಾಕಿ ಬಿಡಿಸಲಿ ಅಂತ ನಾನು ಚಡಪಡಿಸುತ್ತಿದ್ದರೆ ಡಾಕ್ಟರು ಮೊದಲು ಇಸಿಜಿ ಹಚ್ಚಿ ರಕ್ತ ತೆಗೆದರು. ಉಚ್ಚೆ ಹೊರಹೋಗದಿದ್ದರೆ ಒತ್ತಡ ಹಿಂದಕ್ಕೆ ಏರಿ ಕಿಡ್ನಿ ಸೋಸುವ ಕೆಲಸ ನಿಲ್ಲಿಸುತ್ತದೆ. ಉಚ್ಚೆಯ ಜೊತೆ ಹೋಗಬೇಕಾದ ಪೊಟ್ಯಾಶಿಯಂ ರಕ್ತದಲ್ಲೇ ಉಳಿಯುತ್ತದೆ, ಹೃದಯದ ಬಡಿತ ನಿಧಾನವಾಗುತ್ತದೆ. ಐದರ ಆಸುಪಾಸಿನೊಳಗೆ ಇರಬೇಕಾದ ಪೊಟ್ಯಾಶಿಯಂ ಕರಿಯನಲ್ಲಿ 7.8 ಇತ್ತು. ಗಾಬರಿಯಾದ ಬೆಕ್ಕಿನ ಎದೆ ನಿಮಿಷಕ್ಕೆ ಇನ್ನೂರರ ಹತ್ತಿರ ಬಡಿಯಬೇಕು, ಅವನದು 130. ಹೃದಯ ಕಾಯಲು ಕ್ಯಾಲ್ಸಿಯಂ ಅನ್ನು ಡ್ರಿಪ್ ಸೂಜಿಯಿಂದ ನಿಧಾನವಾಗಿ ಕೊಟ್ಟರು. ಅದು ಪೊಟ್ಯಾಶಿಯಂ ಇಳಿಸುವುದಿಲ್ಲ, ಅರ್ಧ ಗಂಟೆಯಷ್ಟು ಸಮಯ ಕೊಡುತ್ತದೆ, ಅಷ್ಟೆ. ಇಳಿಸಲು ಗ್ಲೂಕೋಸ್ ಮತ್ತು ಇನ್ಸುಲಿನ್. ಆಮೇಲೆಯೇ ಅರಿವಳಿಕೆ ಕೊಟ್ಟು ಸಲೈನ್ ಹಾಯಿಸಿ ಬಿರಡೆ ಹಿಂದಕ್ಕೆ ತಳ್ಳಿ ಟ್ಯೂಬ್ ಏರಿಸಿದ್ದು. ಬಂದದ್ದು ಕಾಫಿ ಡಿಕಾಕ್ಷನ್ ಬಣ್ಣದ ಉಚ್ಚೆ.

ಬೆಳಿಗ್ಗೆಯವರೆಗೆ ಬಿಟ್ಟಿದ್ದರೆ? ಕೂಗು ನಿಂತಿರುತ್ತಿತ್ತು. ನನಗೆ ಈಗಲೂ ಭಯ ಹುಟ್ಟಿಸುವುದು ಇದೇ. ಮೊದಲ ದಿನ ಒದ್ದಾಡುವ ಬೆಕ್ಕು ಎರಡನೇ ದಿನಕ್ಕೆ ಮಂಚದಡಿ ತಣ್ಣಗೆ ಮಲಗಿಬಿಡುತ್ತದೆ, ಮನೆಯವರು 'ಈಗ ಪರವಾಗಿಲ್ಲ, ಸುಮ್ಮನಾದ' ಅನ್ನುತ್ತಾರೆ. ವಿಷ ಏರಿ ಹೃದಯ ಸೋಲುತ್ತಿರುವ ಸುಮ್ಮನಿರುವಿಕೆ ಅದು. ಪೂರ್ತಿ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಪ್ರಾಣಕ್ಕೆ ಬರಬಹುದು. ನೋವು ಕಡಿಮೆಯಾಗಲಿ ಅಂತ ಪ್ಯಾರಾಸಿಟಮಾಲ್ ಕೊಡುವವರೂ ಇದ್ದಾರೆ, ಬೆಕ್ಕಿಗೆ ಅದೇ ವಿಷ.

ಕರಿಯ ಎರಡು ರಾತ್ರಿ ಟ್ಯೂಬಿನೊಂದಿಗೆ ಅಲ್ಲೇ ಇದ್ದ. ಕಟ್ಟು ಬಿಟ್ಟ ಮೇಲೆ ಕಿಡ್ನಿ ಒಮ್ಮೆಲೇ ಉಚ್ಚೆ ಸುರಿಸುತ್ತದೆ, ಅಷ್ಟೇ ನೀರು ಡ್ರಿಪ್ಪಿನಲ್ಲಿ ತುಂಬಬೇಕು. ಟ್ಯೂಬ್ ತೆಗೆದ ದಿನ ತಾನಾಗಿ ಹೊಯ್ಯುವವರೆಗೆ ಮನೆಗೆ ಬಿಡಲಿಲ್ಲ, ಯಾಕೆಂದರೆ ಮತ್ತೆ ಕಟ್ಟಿಕೊಳ್ಳುವುದು ಹೆಚ್ಚಾಗಿ ಮೊದಲ ದಿನಗಳಲ್ಲೇ. ಪದೇ ಪದೇ ಆದರೆ ಆ ಕಿರಿದಾದ ತುದಿಯನ್ನೇ ತೆಗೆದು ದಾರಿ ಅಗಲ ಮಾಡುವ ಆಪರೇಷನ್ ಇದೆ. ನಮಗೆ ಅಲ್ಲಿಯವರೆಗೆ ಬಂದಿಲ್ಲ. ಒಣ ಕಾಳು ಕಡಿಮೆ ಮಾಡಿ ನೀರಿನಂಶದ ಆಹಾರ ಹೆಚ್ಚಿಸಿದ್ದೇವೆ, ಟ್ರೇ ಎರಡಾಗಿದೆ.

ಗಡ್ಡೆ ಎಣಿಸುವುದು ತಂಗಿಯ ಕೆಲಸ. ನಿನ್ನೆ ಮೂರು. ಇವತ್ತು ಬೆಳಿಗ್ಗೆಗೆ ಎರಡು, ಒಂದಂತೂ ಮುಷ್ಟಿಯಷ್ಟು.