ಇಲ್ಲದ ಅಕ್ಕನ ಮದುವೆ

ನನಗೆ ಅಕ್ಕ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಎಂ.ಎ. ಅರ್ಥಶಾಸ್ತ್ರದ ಕೊನೆಯ ಸೆಮಿಸ್ಟರ್. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಖರ್ಚು-ಲಾಭದ ಮೇಲೆ ನನ್ನ ಪ್ರಾಜೆಕ್ಟ್. ಎರಡು ತಿಂಗಳು ಭಟ್ಟಿಗಳ ಹೊಗೆ ಕುಡಿದು, ಬೈಂಡಿಂಗ್ ಮಾಡಿಸಿ, ಉಸ್ಸಪ್ಪಾ ಎಂದು ಕೂತಿದ್ದೆ. ಅಷ್ಟರಲ್ಲಿ ನೋಟಿಸ್ ಬೋರ್ಡಿಗೆ ವೈವಾ ಪಟ್ಟಿ ಬಿತ್ತು. ಸೋಮವಾರ ಮತ್ತು ಮಂಗಳವಾರ, ಬೆಳಿಗ್ಗೆ 10.30ರಿಂದ. ಸೋಮವಾರದ ಪಟ್ಟಿಯಲ್ಲಿ ನಾನು ಏಳನೆಯವನು. ಅವತ್ತೇ ರಾತ್ರಿ ಯುಜಿಸಿ ನೆಟ್ ಪರೀಕ್ಷೆಯ ಪ್ರವೇಶ ಪತ್ರವೂ ಬಂತು. ಅದೇ ಸೋಮವಾರ, ಬೆಳಿಗ್ಗೆ 9ರಿಂದ 12. ಊರು ಹುಬ್ಬಳ್ಳಿ.

ಹನ್ನೆರಡಕ್ಕೆ ಹುಬ್ಬಳ್ಳಿಯಲ್ಲಿ ಪರೀಕ್ಷೆ ಬಿಟ್ಟು, ಬಸ್ ಹಿಡಿದು ಓಡಿ ಬಂದರೂ ದಾವಣಗೆರೆ ಮುಟ್ಟುವಾಗ ಮಧ್ಯಾಹ್ನ ಮೂರು ದಾಟುತ್ತದೆ. ಏಳನೆಯವನ ಸರದಿ ಅಷ್ಟೊತ್ತಿಗೆ ಯಾವಾಗಲೋ ಮುಗಿದಿರುತ್ತದೆ.

"ಲೆಟರ್ ಬರೆದು ಕೊಡಲೇ, ಅದರಲ್ಲೇನದೆ," ಅಂದ ರೂಮ್‌ಮೇಟ್. ಅಷ್ಟೇ ಅಲ್ಲ, ಹಿಂದಿನ ವರ್ಷ ತಾನು ಇದೇ ವಿಭಾಗಕ್ಕೆ ಕೊಟ್ಟಿದ್ದ ರಜೆ ಅರ್ಜಿಯ ಫೈಲನ್ನು ವಾಟ್ಸಾಪ್ ಮಾಡಿದ. ಹೆಸರು, ವಿಷಯ ಬದಲಿಸಿದರೆ ಮುಗೀತು ಅಲ್ವಾ? ತೆರೆದು ನೋಡಿದರೆ ಮೊಬೈಲಿನಲ್ಲಿ `ªÀiÁ£ÀågÉÃ` ಅಂತ ಶುರುವಾಗಿ ಕೆಳಗೆ `«µÀAiÀÄ` ಅಂತ ಇತ್ತು. ಇದು ಯಾವ ದೇಶದ ಭಾಷೆಯಪ್ಪಾ ಎಂದುಕೊಂಡೆ. ಕನ್ನಡವೇ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ಆ ಫೈಲಿನಲ್ಲಿ ಒಳಗೆ ಉಳಿಯುವುದು ಇಂಗ್ಲಿಷ್ ಮತ್ತು ಇತರ ಚಿಹ್ನೆಗಳೇ. ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಅವಕ್ಕೆ ಕನ್ನಡದ ವೇಷ ಬರುತ್ತದೆ. ಫಾಂಟ್ ಇಲ್ಲದ ಕಡೆ ವೇಷ ಕಳಚಿ ನಿಲ್ಲುತ್ತವೆ. ಮೊದಲನೆಯದು 'ಮಾನ್ಯರೇ', ಎರಡನೆಯದು 'ವಿಷಯ'. ಯೂನಿಕೋಡಿನಲ್ಲಿ ಟೈಪ್ ಮಾಡಿದ್ದರೆ ಈ ರಗಳೆ ಇರುತ್ತಿರಲಿಲ್ಲ.

ಸರಿ, ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಗೆ ಹೋದೆ. ಅಲ್ಲಿ ನುಡಿ ಇತ್ತು, ಫೈಲು ಕನ್ನಡವಾಯಿತು. ಹಿಂದೆ ಆರು ಜನ ಬೈಂಡಿಂಗಿಗೆ ನಿಂತಿದ್ದರು. ಅಂಗಡಿಯವರು "ಬೇಗ ಹೇಳ್ರಿ, ಏನು ಚೇಂಜ್ ಮಾಡಬೇಕು" ಅನ್ನುತ್ತಿದ್ದರು. ಹೆಸರು ಹೇಳಿದೆ. ರಿಜಿಸ್ಟರ್ ನಂಬರ್ ಹೇಳಿದೆ. ವಿಷಯ: 'ವೈವಾ ಪರೀಕ್ಷೆಯನ್ನು ಮುಂದೂಡುವ ಬಗ್ಗೆ'. ನಡುವಿನ ನಾಲ್ಕು ಸಾಲು ಹೊಸದಾಗಿ ಹೇಳಿ ಬರೆಸಿದೆ. ಪ್ರಿಂಟ್ ಬಂತು, ಸಹಿ ಹಾಕಿದೆ, ಓಡಿದೆ. ಕೊನೆಯ ಸಾಲಿನವರೆಗೆ ಓದುವ ತಾಳ್ಮೆ ಯಾರಿಗಿತ್ತು?

ವಿಭಾಗದ ಮುಖ್ಯಸ್ಥೆ ಮೇಡಂ ಪತ್ರವನ್ನು ಓದಿದರು. ಕನ್ನಡಕ ತೆಗೆದು ಇನ್ನೊಮ್ಮೆ ಓದಿದರು.

"ಏನಪ್ಪಾ, ನೆಟ್ ಪರೀಕ್ಷೆನೂ ಇದೆ, ಅಕ್ಕನ ಮದುವೆನೂ ಇದೆಯಾ ಸೋಮವಾರ?"

ಕೊನೆಯ ಪ್ಯಾರಾದಲ್ಲಿ 'ಸದರಿ ದಿನಾಂಕದಂದು ನನ್ನ ಅಕ್ಕನ ಮದುವೆ ಇರುವುದರಿಂದ ದಯಮಾಡಿ ಅನುಮತಿ ನೀಡಬೇಕೆಂದು' ಎಂಬುದು ಹಾಗೇ ಕೂತಿತ್ತು. ರೂಮ್‌ಮೇಟಿನ ಅಕ್ಕನಿಗೆ ಮದುವೆಯಾಗಿ, ಅಷ್ಟೊತ್ತಿಗೆ ಒಂದು ಕೂಸೂ ಆಗಿತ್ತು.

ಮೇಡಂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. "ಮದುವೆ ಬಿಡು. 'ಮುಂದೂಡಿ' ಅಂತ ಬರೆದಿದ್ದೀಯಲ್ಲ, ಯಾರಿಗೆ ಬರೆದಿದ್ದು ಇದು?" ಅಂದರು.

"ತಮಗೇ, ಮೇಡಂ."

"ದಿನಾಂಕ ನನ್ನ ಕೈಯಲ್ಲಿದೆ ಅಂತ ಯಾರು ಹೇಳಿದ್ದು?"

ಆಮೇಲೆ ಕೂರಿಸಿ ಹೇಳಿದರು. ನೋಟಿಸಿಗೆ ಸಹಿ ಹಾಕುವುದು ಅವರೇ. ಆದರೆ ದಿನಾಂಕದ ಹಿಂದೆ ಹೊರಗಿನ ವಿಶ್ವವಿದ್ಯಾಲಯದಿಂದ ಬರುವ ಪರೀಕ್ಷಕರಿದ್ದಾರೆ, ಅವರನ್ನು ನೇಮಿಸಿದ ಪರೀಕ್ಷಾ ವಿಭಾಗವಿದೆ. ಆ ಪರೀಕ್ಷಕರು ಎರಡು ದಿನ ಬಿಡುವು ಮಾಡಿಕೊಂಡು ಬರುತ್ತಾರೆ. ಅಂಕಪಟ್ಟಿಗೆ ಒಳಗಿನವರು, ಹೊರಗಿನವರು ಇಬ್ಬರೂ ಸಹಿ ಹಾಕಿ, ಲಕೋಟೆ ಮುಚ್ಚಿ ಕಳಿಸಬೇಕು. ನನಗೊಬ್ಬನಿಗೆ ಮುಂದಿನ ವಾರ ಅಂದರೆ, ಆ ಪರೀಕ್ಷಕರು ನನಗೊಬ್ಬನಿಗೇ ಮತ್ತೆ ಬರಬೇಕು. ಮತ್ತೊಮ್ಮೆ ಮೇಲಿನವರ ಒಪ್ಪಿಗೆ, ಮತ್ತೊಮ್ಮೆ ಭತ್ಯೆ. "ನಿನ್ನ ಪತ್ರ ಹಿಡಿದುಕೊಂಡು ನಾನು ಅಲ್ಲಿಗೆ ಹೋದರೆ, ಒಬ್ಬ ಹುಡುಗನ ಅಕ್ಕನ ಮದುವೆಗೆ ವೈವಾ ನಿಲ್ಲಿಸಿ ಅಂದಂಗಾಗುತ್ತೆ."

"ಹಂಗಾದ್ರೆ ನೆಟ್ ಬಿಡಬೇಕಾ, ಮೇಡಂ?"

"ಬಿಡು ಅಂತ ಯಾರಂದ್ರು? ಸರದಿ ನನ್ನ ಕೈಯಲ್ಲಿದೆ. ಎರಡು ದಿನದ ಪಟ್ಟಿಯೊಳಗೆ ನಿನ್ನನ್ನು ಮಂಗಳವಾರಕ್ಕೆ ಹಾಕಬಹುದು. ಅದನ್ನು ಕೇಳು. ಆದರೆ ಸೋಮವಾರ ಒಂದು ಜಾಗ ಖಾಲಿ ಬೀಳಬಾರದು."

ನನ್ನ ಮೊದಲ ಪತ್ರ ಸೋತದ್ದು ಇಲ್ಲೇ, ಅಕ್ಕನಿಂದಲ್ಲ. ಕೊಡಲಾಗದ್ದನ್ನು ಕೇಳಿದ್ದೆ. ಕೊಡಬಹುದಾದದ್ದು ಪಕ್ಕದಲ್ಲೇ ಇತ್ತು.

ಮಂಗಳವಾರದ ಪಟ್ಟಿಯಲ್ಲಿದ್ದವರನ್ನು ಒಬ್ಬೊಬ್ಬರನ್ನೇ ಕೇಳುತ್ತಾ ಹೋದೆ. ಒಂದು ದಿನ ಮೊದಲೇ ವೈವಾ ಅಂದರೆ ಎಲ್ಲರಿಗೂ ಹೊಟ್ಟೆನೋವು ಬರುತ್ತಿತ್ತು. ಕೊನೆಗೆ ಸಿಕ್ಕವನು ಚಳ್ಳಕೆರೆ ಕಡೆಯವನು. ಸೋಮವಾರವೇ ಮುಗಿದರೆ ಮಂಗಳವಾರ ಬೆಳಿಗ್ಗೆ ಊರಿಗೆ ಹೋಗಬಹುದು ಅನ್ನುವ ಆಸೆ ಅವನಿಗೆ. ಆದರೂ ಸುಮ್ನೆ ಒಪ್ಪಲಿಲ್ಲ. "ನನ್ನ ಸಹಿಗೆ ಎರಡು ಬೆಣ್ಣೆ ದೋಸೆ, ಒಂದು ಖಾಲಿ," ಅಂದ. ಮೂರನ್ನೂ ತಿಂದು, ಬೆಣ್ಣೆ ಕೈಯಲ್ಲೇ ಸಹಿ ಹಾಕಲು ಹೊರಟಿದ್ದ. ಕೈ ತೊಳೆಸಿ ಹಾಕಿಸಿಕೊಂಡೆ.

ಎರಡನೇ ಪತ್ರ ಕೈಯಲ್ಲೇ ಬರೆದೆ. ಜೆರಾಕ್ಸ್ ಅಂಗಡಿ ಕಡೆ ತಲೆ ಹಾಕಲಿಲ್ಲ.

"ವಿಷಯ: ಪ್ರಾಜೆಕ್ಟ್ ವೈವಾದಲ್ಲಿ ನನ್ನ ಸರದಿಯನ್ನು ಸೋಮವಾರದಿಂದ ಮಂಗಳವಾರಕ್ಕೆ ಬದಲಿಸಿಕೊಡುವ ಬಗ್ಗೆ.

ಮಾನ್ಯರೇ, ಸೋಮವಾರದ ವೈವಾ ಪಟ್ಟಿಯಲ್ಲಿ ನನ್ನ ಹೆಸರಿದೆ. ಅದೇ ದಿನ ಬೆಳಿಗ್ಗೆ 9ರಿಂದ 12ರವರೆಗೆ ಹುಬ್ಬಳ್ಳಿಯಲ್ಲಿ ನನಗೆ ಯುಜಿಸಿ ನೆಟ್ ಪರೀಕ್ಷೆ ಇದೆ. ಪ್ರವೇಶ ಪತ್ರದ ಪ್ರತಿ ಲಗತ್ತಿಸಿದ್ದೇನೆ. ವೈವಾ ದಿನಾಂಕ ಬದಲಿಸದೆ, ನನ್ನ ಸರದಿಯನ್ನು ಮಾತ್ರ ಮಂಗಳವಾರಕ್ಕೆ ಹಾಕಿಕೊಡಬೇಕೆಂದು ಕೋರುತ್ತೇನೆ. ನನ್ನ ಬದಲಿಗೆ ಸೋಮವಾರ ಬರಲು ಸಹಪಾಠಿಯೊಬ್ಬರು ಒಪ್ಪಿದ್ದಾರೆ. ಅವರ ರಿಜಿಸ್ಟರ್ ನಂಬರ್ ಮತ್ತು ಸಹಿ ಕೆಳಗಿದೆ."

ಅಷ್ಟೇ. 'ಬಡ ವಿದ್ಯಾರ್ಥಿ', 'ಭವಿಷ್ಯದ ಪ್ರಶ್ನೆ' ಅಂತೆಲ್ಲ ಸೇರಿಸಲು ಕೈ ತುರಿಸುತ್ತಿತ್ತು, ತಡೆದುಕೊಂಡೆ. ಮೊದಲು ಗೈಡ್ ಸರ್ ಹತ್ತಿರ 'ಶಿಫಾರಸು ಮಾಡಿದೆ' ಅಂತ ಬರೆಸಿದೆ. ಆಫೀಸಿನಲ್ಲಿ ಕೊಟ್ಟು, ನನ್ನ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಂಡೆ. ಮೇಡಂ ಓದಿ, ಹಸಿರು ಪೆನ್ನಿನಲ್ಲಿ ಒಂದು ಗೀಟು ಎಳೆದು ಪಟ್ಟಿ ತಿದ್ದಿದರು. ಎರಡು ನಿಮಿಷದ ಕೆಲಸ.

ಹುಬ್ಬಳ್ಳಿಗೆ ಭಾನುವಾರವೇ ಹೋದೆ. ನೆಟ್ ಬರೆದೆ. ಅದರ ಬಗ್ಗೆ ಜಾಸ್ತಿ ಕೇಳಬೇಡಿ.

ಮಂಗಳವಾರ ನನ್ನ ಸರದಿ ಬಂತು. ಹೊರಗಿನ ಪರೀಕ್ಷಕರು ಹಿರಿಯರು, ಮೃದು ಮಾತಿನವರು. ಮುಂದೆ ವಿಭಾಗದ ಫೈಲಿತ್ತು. ಅದರಲ್ಲಿ ನನ್ನ ಎರಡೂ ಪತ್ರಗಳನ್ನು ಒಂದರ ಮೇಲೊಂದು ಟ್ಯಾಗ್ ಹಾಕಿ ಜೋಡಿಸಿದ್ದರು. ಪಟ್ಟಿಯಲ್ಲಿ ಹೆಸರು ಯಾಕೆ ಬದಲಾಯಿತು ಅನ್ನುವುದಕ್ಕೆ ದಾಖಲೆ ಬೇಕಲ್ಲ. ನಾನು ಭಟ್ಟಿಯ ಭತ್ತದ ರೇಟು, ಉಪ್ಪು-ಮರಳಿನ ಲೆಕ್ಕ, ಕೂಲಿ ಎಲ್ಲ ಬಾಯಲ್ಲಿ ತಯಾರಿಟ್ಟುಕೊಂಡು ಕೂತೆ.

ಅವರು ಫೈಲಿನ ಹಾಳೆ ತಿರುವಿ, ನನ್ನನ್ನು ನೋಡಿ ಕೇಳಿದರು.

"ಅಕ್ಕನ ಮದುವೆ ಚೆನ್ನಾಗಿ ಆಯ್ತಾ?"

ಮೇಡಂ ಆಗ ನಕ್ಕರು.