ಆ ಮೆಸೇಜ್ ಯಾವಾಗ ನಿಲ್ಲತ್ತೆ ನೋಡಿ

"ಅರ್ಧ ಗಂಟೆ ರಿಪ್ಲೈ ಮಾಡ್ಲಿಲ್ಲ ಅಂದ್ರೆ ಗಂಡ ಮುನಿಸ್ಕೋತಾರೆ. ಇದು ಕಾಳಜಿನಾ, ಒತ್ತಡನಾ?"

ಉತ್ತರ ಕೊಟ್ಮೇಲೆ ಏನಾಗತ್ತೆ ನೋಡಿ. ಕಾಳಜಿ ಇದ್ರೆ "ತಲುಪಿದ್ಯಾ?" "ಹೂಂ" "ಸರಿ", ಅಲ್ಲಿಗ್ ಮುಗೀತು. ನನ್ನ ತಂಗಿ ಫೋನಲ್ಲಿ ನಾನೇ ನೋಡಿದ್ದು, ಅವಳ ಗಂಡನ ಮೆಸೇಜ್‌ಗಳು, 10:10ಕ್ಕೆ "ಎಲ್ಲಿದ್ದೀಯ", 10:14ಕ್ಕೆ "ಬ್ಲೂ ಟಿಕ್ ಬಂದಿದೆ", 10:20ಕ್ಕೆ "ಬಿಡು, ನಾನ್ಯಾರು ನಿಂಗೆ", ಇವ್ಳು ಮೀಟಿಂಗಿಂದ ಎದ್ದು ಬಂದು ಸಾರಿ ಅಂದ್ರೆ "ಈಗ ನೆನಪಾಯ್ತಾ". ಇಷ್ಟರಲ್ಲಿ ಅವ್ರಿಗೆ ಏನ್ ಬೇಕಿತ್ತು ಅಂತ ಒಂದ್ ಕಡೇನೂ ಇಲ್ಲ, ಇವ್ಳು ತಪ್ಪಿತಸ್ಥೆ ಅನ್ನೋದು ಮಾತ್ರ ಇದೆ.

ಒಂದ್ ಕೆಲ್ಸ ಮಾಡಿ, ಬೆಳಿಗ್ಗೇನೇ "11ರಿಂದ 1ರ ತನಕ ಫೋನ್ ನೋಡಲ್ಲ, ಅರ್ಜೆಂಟಾದ್ರೆ ಎರಡು ಸಲ ಕಾಲ್ ಮಾಡಿ" ಅಂತ ಹಾಕಿ. ಬರೀ ಆತಂಕ ಆಗಿದ್ರೆ ಒಂದೆರಡು ವಾರದಲ್ಲಿ ಹೊಂದ್ಕೋತಾರೆ, ಒತ್ತಡ ಆಗಿದ್ರೆ ಆ 2 ಗಂಟೆ ಕೇಳಿದ್ದೇ ಹೊಸ ಅಪರಾಧ ಆಗತ್ತೆ. ಆದ್ರೆ "ಸಾಯ್ತೀನಿ" ಅಂತ ಬಂದ್ರೆ ನಾಟಕ ಅಂತ ಬಿಡ್ಬೇಡಿ, ಅವ್ರ ಹತ್ರ ಇರೋರಿಗೆ ತಕ್ಷಣ ಹೇಳಿ, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಹೊಡಿತಾರೆ ಅನ್ನೋ ಭಯ ಇದ್ರೆ ಈ ಪರೀಕ್ಷೆ ಬೇಡ್ವೇ ಬೇಡ, ಮಹಿಳಾ ಸಹಾಯವಾಣಿ 181ಕ್ಕೆ ಮಾತಾಡಿ.